ಅತ್ತರಿಗೆ ಬದಲಾಯಿಸಿದೆ: ತಲೆನೋವು ಇಳಿಯಿತು, ಕಿವಿಯ ಹಿಂದೆ ಕಲೆ ಎದ್ದಿತು

ಪ್ರಶ್ನೆ: ಡಾಕ್ಟರೇ, ನನಗೆ 34 ವರ್ಷ. ಮೂರು ವರ್ಷ ಒಂದೇ ಪರ್ಫ್ಯೂಮನ್ನು ಕತ್ತಿಗೆ ಸ್ಪ್ರೇ ಮಾಡಿಕೊಳ್ಳುತ್ತಿದ್ದೆ. ಹಾಕಿದ ಕೂಡಲೇ ಚುರುಚುರು ಎಂದು ಉರಿದು ತಣ್ಣಗಾಗುತ್ತಿತ್ತು. ಕಳೆದ ವರ್ಷದಿಂದ ಮಾರನೆಯ ದಿನ ಅಲ್ಲಿ ತುರಿಕೆಯೂ ಶುರುವಾಯಿತು. ಸ್ಪ್ರೇ ಮಾಡಿದ ಅರ್ಧ ಗಂಟೆಯೊಳಗೆ ಎಡಗಣ್ಣಿನ ಮೇಲೆ ಮಿಡಿಯುವ ತಲೆನೋವು ಬರುತ್ತಿತ್ತು. "ಎಲ್ಲಾ ಆಲ್ಕೋಹಾಲಿನ ಕಾಟ, ಅತ್ತರು ಹಾಕು, ಅದು ಶುದ್ಧ" ಎಂದು ಗೆಳತಿ ಹೇಳಿದಳು. ನಾಲ್ಕು ತಿಂಗಳಿಂದ ಗುಲಾಬಿ ಅತ್ತರನ್ನು ಕಿವಿಗಳ ಹಿಂದೆ ಹಚ್ಚುತ್ತಿದ್ದೇನೆ. ಉರಿ ಇಲ್ಲ, ತಲೆನೋವೂ ಬಹಳ ಕಡಿಮೆ. ಆದರೆ ತುರಿಕೆ ನಿಂತಿಲ್ಲ, ಈಗ ಎರಡೂ ಕಿವಿಗಳ ಹಿಂದೆ ಬೂದು-ಕಂದು ಬಣ್ಣದ ಕಲೆ ಹರಡುತ್ತಿದೆ. ಹೂವಿನಿಂದ ಮಾಡಿದ್ದು ಹೀಗೆ ಮಾಡುತ್ತದೆಯೇ? ವಾಪಸ್ ಪರ್ಫ್ಯೂಮಿಗೆ ಹೋಗಲೇ?

ಉತ್ತರ: ಸದ್ಯಕ್ಕೆ ಎರಡನ್ನೂ ಕಪಾಟಿನಲ್ಲಿಡಿ. ಎಸೆಯಬೇಡಿ, ಆ ಎರಡು ಬಾಟಲಿಗಳೂ ಮುಂದೆ ಪರೀಕ್ಷೆಗೆ ಬೇಕಾಗುತ್ತವೆ.

ನಿಮ್ಮ ಪತ್ರದಲ್ಲಿ ಮೂರು ತೊಂದರೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನಿಮಿಷದೊಳಗೆ ಬಂದು ಹೋಗುವ ಉರಿ ಒಂದು. ಮಾರನೆಯ ದಿನದ ತುರಿಕೆ ಮತ್ತೊಂದು, ಕಲೆ ಅದರದೇ ಮುಂದುವರಿಕೆ. ತಲೆನೋವು ಮೂರನೆಯದು. ಆಲ್ಕೋಹಾಲ್ ನೇರ ಆರೋಪಿ ಆಗುವುದು ಮೊದಲನೆಯದಕ್ಕೆ ಮಾತ್ರ. ಮೂರನೆಯದರಲ್ಲಿ ಅದಕ್ಕೆ ಪಾಲುಗಾರಿಕೆ ಇರಬಹುದು. ಎರಡನೆಯದರಲ್ಲಿ ಅದರ ಕೈವಾಡ ಬಹುತೇಕ ಇಲ್ಲ. ಗೆಳತಿಯ ಸಲಹೆ ಎರಡು ತೊಂದರೆಗಳಿಗೆ ಕೆಲಸ ಮಾಡಿ, ಉಳಿದ ಒಂದನ್ನು ಹೆಚ್ಚಿಸಿದ್ದು ಇದೇ ಕಾರಣಕ್ಕೆ.

ಉರಿಯಿಂದ ಶುರು ಮಾಡೋಣ. ಪರ್ಫ್ಯೂಮ್ ಬಾಟಲಿಯಲ್ಲಿ ಬಹುಪಾಲು ಇರುವುದು ಎಥೆನಾಲ್. ಸುಗಂಧದ ಎಣ್ಣೆಗಳನ್ನು ಕರಗಿಸಿಕೊಂಡು, ಸ್ಪ್ರೇ ಆದ ಮೇಲೆ ಆವಿಯಾಗಿ ಹೋಗುವುದು ಅದರ ಕೆಲಸ. ಹೋಗುವ ದಾರಿಯಲ್ಲಿ ಅದು ಚರ್ಮದ ಮೇಲ್ಪದರದ ಜಿಡ್ಡನ್ನೂ ಸ್ವಲ್ಪ ಕರಗಿಸುತ್ತದೆ. ಗಟ್ಟಿಮುಟ್ಟಾದ ಚರ್ಮಕ್ಕೆ ಇದು ಲೆಕ್ಕಕ್ಕಿಲ್ಲ. ಆದರೆ ಒಣಗಿ ಬಿರಿದ ಚರ್ಮ, ಆಗ ತಾನೇ ಕೂದಲು ತೆಗೆಸಿದ ಅಥವಾ ಶೇವ್ ಮಾಡಿದ ಜಾಗ, ಇಸಬು ಇರುವ ಜಾಗ, ಇಂಥ ಕಡೆ ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಅದರೊಳಗೆ ಇಳಿದ ಎಥೆನಾಲ್ ನೋವಿನ ನರದ ತುದಿಗಳನ್ನು ಕೆಣಕುತ್ತದೆ, ಚುರ್ ಎನ್ನುತ್ತದೆ. ಇದು ಕೆರಳಿಕೆ, ಅಲರ್ಜಿ ಅಲ್ಲ. ಹಾಕಿದ ಜಾಗದಲ್ಲೇ ಬರುತ್ತದೆ, ಬೇಗ ಬರುತ್ತದೆ, ಬೇಗ ಹೋಗುತ್ತದೆ. ಎಥೆನಾಲಿಗೇ ಚರ್ಮದ ಅಲರ್ಜಿ ಆಗುವುದು ತೀರಾ ಅಪರೂಪ.

ಇದನ್ನು ಮನೆಯಲ್ಲೇ ಒಂದು ಮಟ್ಟಕ್ಕೆ ನೋಡಬಹುದು. ಸುಗಂಧ ಹಾಕದ ಸಾದಾ ಹ್ಯಾಂಡ್ ಸ್ಯಾನಿಟೈಸರಿನಲ್ಲಿ ಶೇಕಡಾ 60ರಿಂದ 80ರಷ್ಟು ಆಲ್ಕೋಹಾಲ್ ಇರುತ್ತದೆ. ಲೇಬಲ್ಲಿನಲ್ಲಿ ಎಥೆನಾಲ್ ಎಂದೇ ಬರೆದಿರುವುದನ್ನು ಆರಿಸಿ, ಮುಂಗೈಯ ಒಳಬದಿಗೆ ದಿನಕ್ಕೆರಡು ಸಲದಂತೆ ನಾಲ್ಕೈದು ದಿನ ಒಂದು ನಾಣ್ಯದಗಲ ಹಚ್ಚಿ. ಅಂಗೈ ಬೇಡ, ಅಲ್ಲಿಯ ಚರ್ಮ ದಪ್ಪ, ಏನನ್ನೂ ಹೇಳುವುದಿಲ್ಲ. ಸ್ವಲ್ಪ ಒಣಗಿದಂತಾಗಿ ಅಷ್ಟಕ್ಕೇ ನಿಂತರೆ, ನಿಮ್ಮ ತುರಿಕೆಗೆ ಎಥೆನಾಲ್ ಕಾರಣವಲ್ಲ ಎಂದು ಸಾಕಷ್ಟು ಧೈರ್ಯದಿಂದ ಹೇಳಬಹುದು.

ಹಾಗಾದರೆ ತುರಿಕೆ ಎಲ್ಲಿಂದ ಬಂತು? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಏಕೆಂದರೆ ಕ್ಲಿನಿಕ್ಕಿಗೆ ಬರುವ ಹೆಚ್ಚಿನವರು "ಮೂರು ವರ್ಷ ಹಾಕಿದ್ದೇನೆ, ಅದರಿಂದ ಆಗಿದ್ದರೆ ಮೊದಲೇ ಆಗಬೇಕಿತ್ತಲ್ಲ" ಎನ್ನುತ್ತಾರೆ. ಸಂಪರ್ಕದ ಅಲರ್ಜಿ ನಡೆದುಕೊಳ್ಳುವ ರೀತಿ ಅದಕ್ಕೆ ತದ್ವಿರುದ್ಧ. ಸುಗಂಧದ ಅಣುಗಳು ಚಿಕ್ಕವು, ಚರ್ಮದೊಳಗೆ ಸಲೀಸಾಗಿ ಇಳಿಯುತ್ತವೆ. ಅಲ್ಲಿ ಅವು ನಮ್ಮದೇ ಪ್ರೋಟೀನಿಗೆ ಅಂಟಿಕೊಂಡಾಗ, ಕಾವಲಿಗಿರುವ ಜೀವಕೋಶಗಳು ಅದನ್ನು ಪರಕೀಯ ಎಂದು ಗುರುತಿಸಿ ನೆನಪಿಟ್ಟುಕೊಳ್ಳಬಹುದು. ಈ ನೆನಪು ಮೊದಲ ವಾರಗಳಲ್ಲೇ ಕೂರಬಹುದು, ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೂ ಕೂರಬಹುದು. ಒಮ್ಮೆ ಕೂತ ಮೇಲೆ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಆನಂತರ ಪ್ರತಿ ಸಲ ಅದೇ ಅಣು ತಾಗಿದಾಗ, ಒಂದರಿಂದ ಮೂರು ದಿನದೊಳಗೆ ತುರಿಕೆ, ಕೆಂಪು, ಸಣ್ಣ ಗುಳ್ಳೆ, ಸಿಪ್ಪೆ. ಈ ತಡವೇ ಅದರ ಗುರುತು. ಸೋಮವಾರ ಹಾಕಿದ್ದಕ್ಕೆ ಬುಧವಾರ ತುರಿಸುತ್ತದೆ. ನಾವು ಬುಧವಾರ ಹಚ್ಚಿದ ಕ್ರೀಮಿನ ಮೇಲೆ ತಪ್ಪು ಹೊರಿಸುತ್ತೇವೆ.

ಮೊದಲಿದ್ದ ಬರೀ ಉರಿಗೆ ಕಳೆದ ವರ್ಷದಿಂದ ಮಾರನೆಯ ದಿನದ ತುರಿಕೆ ಸೇರಿಕೊಂಡಿತು ಎಂದು ನೀವು ಬರೆದಿದ್ದೀರಿ. ಆ ಬದಲಾವಣೆಯ ಹೊತ್ತಿಗೇ ನಿಮ್ಮ ಚರ್ಮಕ್ಕೆ ಯಾವುದೋ ಒಂದು ಸುಗಂಧದ ಅಣುವಿನ ನೆನಪು ಕೂತಿರಬೇಕು ಎಂಬುದು ನನ್ನ ಊಹೆ. ಅಂದರೆ ನೀವು ಅತ್ತರಿಗೆ ಬದಲಾಯಿಸುವ ಮೊದಲೇ ಅಲರ್ಜಿ ಶುರುವಾಗಿತ್ತು. ಅತ್ತರು ಹೊಸ ರೋಗ ತಂದಿಲ್ಲ, ಇದ್ದ ರೋಗಕ್ಕೆ ಹೊಟ್ಟೆ ತುಂಬ ಉಣಿಸಿದೆ.

ಹೂವಿನಿಂದ ಮಾಡಿದ್ದು ಹೀಗೆ ಮಾಡುತ್ತದೆಯೇ ಎಂದು ಕೇಳಿದ್ದೀರಿ. ಮಾಡುತ್ತದೆ. ಗುಲಾಬಿಯ ಪರಿಮಳ ಎಂದು ನಾವು ಕರೆಯುವುದು ಬಹುಮಟ್ಟಿಗೆ ಸಿಟ್ರೊನೆಲಾಲ್, ಜೆರಾನಿಯಾಲ್ ಎಂಬ ಅಣುಗಳನ್ನು. ಜೊತೆಗೆ ಸ್ವಲ್ಪ ಯೂಜೆನಾಲ್, ಅಂದರೆ ಲವಂಗದ ಘಾಟಿಗೆ ಕಾರಣವಾದದ್ದು. ಈ ಮೂರೂ ಸುಗಂಧದ ಅಲರ್ಜಿಯನ್ನು ಪತ್ತೆ ಮಾಡಲು ಚರ್ಮರೋಗ ತಜ್ಞರು ಬಳಸುವ ಮಿಶ್ರಣಗಳಲ್ಲೇ ಇವೆ: ಜೆರಾನಿಯಾಲ್ ಮತ್ತು ಯೂಜೆನಾಲ್ ಮೊದಲನೆಯ ಸುಗಂಧ ಮಿಶ್ರಣದಲ್ಲಿ, ಸಿಟ್ರೊನೆಲಾಲ್ ಎರಡನೆಯದರಲ್ಲಿ. ಜೆರಾನಿಯಾಲ್ ಗುಲಾಬಿಯಿಂದ ಬಂದರೂ ಕಾರ್ಖಾನೆಯಿಂದ ಬಂದರೂ ಅಣು ಒಂದೇ, ಚರ್ಮ ಅದರ ಜಾತಕ ಕೇಳುವುದಿಲ್ಲ. ಪರ್ಫ್ಯೂಮುಗಳಲ್ಲಿಯೂ ಈ ಮೂರು ತೀರಾ ಸಾಮಾನ್ಯ. ಹಾಗಾಗಿ ನೀವು ಬಾಟಲಿ ಬದಲಾಯಿಸಿದರೂ ಅದೇ ಅಣುವನ್ನು ಮುಂದುವರಿಸಿರುವ ಸಾಧ್ಯತೆ ದೊಡ್ಡದು. ಇನ್ನೊಂದು ತಮಾಷೆ ನೋಡಿ. ಸಿಟ್ರೊನೆಲಾಲ್, ಜೆರಾನಿಯಾಲ್, ಶ್ರೀಗಂಧದ ಸಾಂಟಲಾಲ್, ಇವೆಲ್ಲ ರಸಾಯನಶಾಸ್ತ್ರದ ಲೆಕ್ಕದಲ್ಲಿ ಆಲ್ಕೋಹಾಲುಗಳೇ. "ಆಲ್ಕೋಹಾಲ್ ರಹಿತ" ಎಂಬ ಚೀಟಿ ಎಥೆನಾಲ್ ಇಲ್ಲ ಎಂದಷ್ಟೇ ಹೇಳುತ್ತದೆ.

ಸಾಂಪ್ರದಾಯಿಕ ಅತ್ತರು ಹೇಗಾಗುತ್ತದೆ ಎಂಬುದು ಇಲ್ಲಿ ಮುಖ್ಯ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಇಂದಿಗೂ ನಡೆಯುವ ಪದ್ಧತಿಯಲ್ಲಿ, ತಾಮ್ರದ ದೇಗ್ ಎಂಬ ಹಂಡೆಯಲ್ಲಿ ಹೂವು ಮತ್ತು ನೀರು ಹಾಕಿ, ಬಾಯಿಯನ್ನು ಮಣ್ಣಿನಿಂದ ಮೆತ್ತಿ, ಕೆಳಗೆ ಸೌದೆ ಇಲ್ಲವೇ ಬೆರಣಿಯ ಬೆಂಕಿ ಇಡುತ್ತಾರೆ. ಆವಿ ಬಿದಿರಿನ ಕೊಳವೆಯ ಮೂಲಕ ಹರಿದು, ನೀರಿನಲ್ಲಿ ಕೂರಿಸಿದ ಭಪ್ಕಾ ಎಂಬ ಪಾತ್ರೆಗೆ ಇಳಿಯುತ್ತದೆ. ಭಪ್ಕಾದೊಳಗೆ ಮೊದಲೇ ಶ್ರೀಗಂಧದ ಎಣ್ಣೆ ಇರುತ್ತದೆ, ಹೂವಿನ ಪರಿಮಳವನ್ನು ಹೀರಿಕೊಳ್ಳುವುದು ಆ ಎಣ್ಣೆ. ಮತ್ತೆ ಮತ್ತೆ ಹೊಸ ಹೂವು ಹಾಕಿ, ದಿನಗಟ್ಟಲೆ ಇದನ್ನೇ ಪುನರಾವರ್ತಿಸುತ್ತಾರೆ. ಇಲ್ಲಿ ಹೂವಿನ ಪಾಲಿಗಿಂತ ಶ್ರೀಗಂಧದ ಪಾಲು ದೊಡ್ಡದು, ಮತ್ತು ಶ್ರೀಗಂಧದ ಎಣ್ಣೆ ಅಲರ್ಜಿಯ ದೃಷ್ಟಿಯಿಂದ ಅನೇಕ ಸುಗಂಧ ಎಣ್ಣೆಗಳಿಗಿಂತ ಸೌಮ್ಯ. ಅದಕ್ಕೂ ಅಲರ್ಜಿ ಆದವರಿದ್ದಾರೆ, ಆದರೆ ಕಡಿಮೆ.

ತೊಂದರೆ ಇರುವುದು ಶ್ರೀಗಂಧ ದುಬಾರಿ ಎಂಬಲ್ಲಿ. ಅತ್ತರು ಎಂದು ಮಾರಾಟವಾಗುವುದರಲ್ಲಿ ದೊಡ್ಡ ಪಾಲಿಗೆ ಈಗ ಆಧಾರ ಎಣ್ಣೆಯಾಗಿರುವುದು ಲಿಕ್ವಿಡ್ ಪ್ಯಾರಫಿನ್, ಡೈಪ್ರೊಪೈಲೀನ್ ಗ್ಲೈಕಾಲ್, ಥಾಲೇಟ್ ಎಂಬ ಗುಂಪಿನ ದ್ರಾವಕಗಳು. ಅದಕ್ಕೆ ಸೇರಿಸುವ ಗುಲಾಬಿಯೂ ಅನೇಕ ವೇಳೆ ಹೂವು ಕಾಣದ ಗುಲಾಬಿ. ಇದನ್ನು ಮೋಸ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನಾನು ತಯಾರಿಲ್ಲ, ಪ್ಯಾರಫಿನ್ ಚರ್ಮಕ್ಕೆ ಕೆಟ್ಟದ್ದೇನಲ್ಲ. ನನ್ನ ತಕರಾರು ಬೇರೆ: ಸಣ್ಣ ಅತ್ತರು ಸೀಸೆಯ ಮೇಲೆ ಒಳಗೇನಿದೆ ಎಂದು ಬರೆದಿರುವುದೇ ವಿರಳ. ಯುರೋಪಿನ ನಿಯಮದ ಪ್ರಕಾರ ತಯಾರಾದ ಪರ್ಫ್ಯೂಮಿನ ಡಬ್ಬಿಯ ಮೇಲಾದರೆ, ಅಲರ್ಜಿ ತರಬಲ್ಲ 26 ಸುಗಂಧ ವಸ್ತುಗಳಲ್ಲಿ ಯಾವುದೇ ಒಂದು ಶೇಕಡಾ 0.001 ದಾಟಿದರೂ ಹೆಸರು ನಮೂದಿಸಲೇಬೇಕು. 2023ರಲ್ಲಿ ಆ ಪಟ್ಟಿಯನ್ನು 80ರ ಆಚೆಗೆ ಬೆಳೆಸಿದ್ದಾರೆ, ಹೊಸ ಹೆಸರುಗಳು ಹಂತಹಂತವಾಗಿ ಡಬ್ಬಿಯ ಮೇಲೆ ಬರುತ್ತವೆ. ಅಲರ್ಜಿ ಇರುವವರಿಗೆ ಹೆಸರು ಓದಲು ಸಿಗುವ ರಾಸಾಯನಿಕ ಪರ್ಫ್ಯೂಮು, ಹೆಸರಿಲ್ಲದ ಶುದ್ಧ ಅತ್ತರಿಗಿಂತ ಸುರಕ್ಷಿತವಾಗುವ ಸಂದರ್ಭಗಳಿವೆ. ಹೇಳಿದರೆ ಅನೇಕರಿಗೆ ಕಹಿಯಾಗುತ್ತದೆ.

ಇನ್ನು ಯಾರೂ ಲೆಕ್ಕ ಹಾಕದ ಸಂಗತಿ, ಪ್ರಮಾಣ. ಸಂಪರ್ಕದ ಅಲರ್ಜಿಯಲ್ಲಿ ಒಟ್ಟು ಎಷ್ಟು ಹಚ್ಚಿದಿರಿ ಎಂಬುದಕ್ಕಿಂತ, ಒಂದು ಚದರ ಸೆಂಟಿಮೀಟರ್ ಚರ್ಮದ ಮೇಲೆ ಎಷ್ಟು ಬಿತ್ತು ಎಂಬುದು ಮುಖ್ಯ. ನಿಮ್ಮದೇ ಎರಡು ಬಾಟಲಿಗಳನ್ನು ಅಂದಾಜಿಗೆ ಹೋಲಿಸೋಣ. ಪರ್ಫ್ಯೂಮಿನ ಒಂದು ಸ್ಪ್ರೇ ಸುಮಾರು 0.1 ಮಿಲಿಲೀಟರ್. ಅದರಲ್ಲಿ ಸುಗಂಧ ಶೇಕಡಾ 15 ಇದ್ದರೆ ಸುಮಾರು 15 ಮಿಲಿಗ್ರಾಂ. ಅದು ಅಂಗೈಯಷ್ಟು, ಅಂದರೆ ಹತ್ತಿರಹತ್ತಿರ 75 ಚದರ ಸೆಂಟಿಮೀಟರ್ ಜಾಗದ ಮೇಲೆ ಹರಡುತ್ತದೆ. ಚದರ ಸೆಂಟಿಮೀಟರಿಗೆ 0.2 ಮಿಲಿಗ್ರಾಂ ಬಿತ್ತು. ಅತ್ತರನ್ನು ಕಡ್ಡಿಯ ತುದಿಯಿಂದ ಕಿವಿಯ ಹಿಂದೆ ಒತ್ತುತ್ತೀರಿ. ಎಣ್ಣೆ ಸುಮಾರು 20 ಮಿಲಿಗ್ರಾಂ, ಜಾಗ 2 ಚದರ ಸೆಂಟಿಮೀಟರ್. ಎಣ್ಣೆಯಲ್ಲಿ ಅರ್ಧವೇ ಸುಗಂಧ, ಉಳಿದದ್ದು ಬರೀ ಆಧಾರ ಎಂದುಕೊಂಡರೂ ಚದರ ಸೆಂಟಿಮೀಟರಿಗೆ 5 ಮಿಲಿಗ್ರಾಂ. ಹಿಂದಿನದಕ್ಕಿಂತ 25 ಪಟ್ಟು. ಸಾಲದ್ದಕ್ಕೆ ಕಿವಿಯ ಹಿಂಭಾಗ ಮಡಿಕೆಯ ಜಾಗ, ಚರ್ಮ ತೆಳು, ಬೆವರು ನಿಲ್ಲುತ್ತದೆ, ಮೇಲೆ ಕೂದಲಿನ ಮುಚ್ಚಳ. ಎಥೆನಾಲ್ ಇಲ್ಲದ ಕಾರಣ ಉರಿಯ ಎಚ್ಚರಿಕೆಯೂ ಇಲ್ಲ. ಅತ್ತರು ಸದ್ದಿಲ್ಲದೆ ದಿನವಿಡೀ ಕೂತಿರುತ್ತದೆ. "ಮೈಲ್ಡ್ ಆಗಿದೆ" ಎಂದು ಅನ್ನಿಸುವುದಕ್ಕೂ ಚರ್ಮಕ್ಕೆ ಬೀಳುವ ಹೊರೆಗೂ ಇಲ್ಲಿ ಸಂಬಂಧವೇ ಇಲ್ಲ.

ಕಲೆಯ ಬಗ್ಗೆ. ಬೂದು ಛಾಯೆಯ ಕಂದು, ಎರಡೂ ಕಡೆ, ನಿಧಾನಕ್ಕೆ ಹರಡುವುದು, ಹಚ್ಚಿದ ಜಾಗದಿಂದಲೇ ಶುರುವಾದದ್ದು. ನೋಡದೆ ಖಚಿತ ಹೇಳಲಾರೆ, ಆದರೆ ಈ ವಿವರಣೆ ಕಪ್ಪು ಬಣ್ಣ ಬಿಡುವ ಸಂಪರ್ಕ ಅಲರ್ಜಿಗೆ ಚೆನ್ನಾಗಿ ಹೊಂದುತ್ತದೆ. ನಮ್ಮಂಥ ಕಂದು ಚರ್ಮದವರಲ್ಲಿ ಅಲರ್ಜಿಯ ಉರಿಯೂತ ಕೆಲವೊಮ್ಮೆ ಕೆಂಪಾಗಿ ಕಾಣುವುದೇ ಇಲ್ಲ. ಮೇಲ್ಪದರದ ತಳದಲ್ಲಿ ಸಣ್ಣಗೆ ಹೊಗೆಯಾಡುತ್ತಾ, ಮೆಲನಿನ್ ಬಣ್ಣವನ್ನು ಚರ್ಮದ ಆಳಕ್ಕೆ ಚೆಲ್ಲುತ್ತದೆ. ಬಣ್ಣ ಮೇಲ್ಗಡೆ ಇದ್ದರೆ ಕಂದಾಗಿ ಕಾಣುತ್ತದೆ, ಆಳಕ್ಕೆ ಇಳಿದರೆ ಬೂದಾಗಿ. ಪರ್ಫ್ಯೂಮ್ ಹಾಕಿ ಬಿಸಿಲಿಗೆ ಹೋದಾಗ ಆಗುವ ಇನ್ನೊಂದು ಬಗೆಯ ಕಲೆಯೂ ಇದೆ. ಬೆರ್ಗಮಾಟ್ ಎಂಬ ನಿಂಬೆ ಜಾತಿಯ ಎಣ್ಣೆಯಲ್ಲಿರುವ ಬೆರ್ಗಾಪ್ಟೆನ್ ಬಿಸಿಲಿನೊಂದಿಗೆ ಸೇರಿ ಚರ್ಮವನ್ನು ಸುಡುತ್ತದೆ. ಆ ಕಲೆ ದ್ರವ ಇಳಿದು ಹೋದ ಗೆರೆಯಂತೆ ಕತ್ತಿನ ಬದಿಯಲ್ಲಿರುತ್ತದೆ, ಬಿಸಿಲು ಬಿದ್ದ ಕಡೆ ಮಾತ್ರ, ತುರಿಕೆಗಿಂತ ಉರಿ ಹೆಚ್ಚು. ಕೂದಲ ಮರೆಯಲ್ಲಿರುವ ನಿಮ್ಮ ಕಲೆಗೆ ಅದು ಹೊಂದುವುದಿಲ್ಲ.

ಇಲ್ಲಿ ಜನ ಮಾಡುವ ಅನಾಹುತ ಒಂದಿದೆ. ಕಲೆ ಕಂಡ ಕೂಡಲೇ ಬಣ್ಣ ತಿಳಿಯಾಗಿಸುವ ಕ್ರೀಮ್ ತಂದು ಹಚ್ಚುತ್ತಾರೆ. ಅವುಗಳಲ್ಲಿ ಕೆಲವದರಲ್ಲಿ ಬಲವಾದ ಸ್ಟೆರಾಯ್ಡ್ ಸೇರಿರುತ್ತದೆ, ಹಲವದರಲ್ಲಿ ಸುಗಂಧವೂ. ಸ್ಟೆರಾಯ್ಡ್ ತುರಿಕೆಯನ್ನು ಅದುಮಿಡುತ್ತದೆ, ಸುಗಂಧ ಒಳಗೊಳಗೇ ಅಲರ್ಜಿಯನ್ನು ಮುಂದುವರಿಸುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಕಾರಣವಾದ ವಸ್ತು ನಿಂತರೆ ತುರಿಕೆ ಎರಡು ಮೂರು ವಾರದಲ್ಲಿ ಹೋಗುತ್ತದೆ. ಕಲೆ ತಿಳಿಯಾಗಲು ತಿಂಗಳುಗಳು ಬೇಕು, ಆಳಕ್ಕಿಳಿದ ಬೂದು ಬಣ್ಣಕ್ಕೆ ವರ್ಷವೂ ಹಿಡಿಯಬಹುದು, ಪೂರ್ತಿ ಹೋಗದೆಯೂ ಇರಬಹುದು. ಅದಕ್ಕೇ ಇವತ್ತೇ ನಿಲ್ಲಿಸಿ ಎನ್ನುತ್ತಿದ್ದೇನೆ.

ತಲೆನೋವಿಗೆ ಬರುತ್ತೇನೆ. ಅದು ಚರ್ಮದ ಅಲರ್ಜಿಯ ಭಾಗವಲ್ಲ. ಒಂದೇ ಬದಿ, ಮಿಡಿತ, ವಾಸನೆಯ ನಂತರ ಅರ್ಧ ಗಂಟೆಯೊಳಗೆ. ಇದು ಮೈಗ್ರೇನಿನ ಚಹರೆ. ಬೆಳಕು ಚುಚ್ಚುವುದು, ವಾಕರಿಕೆ, ನಡೆದಾಡಿದರೆ ನೋವು ಹೆಚ್ಚುವುದು ಇದ್ದರೆ ಅನುಮಾನ ಇನ್ನೂ ಗಟ್ಟಿ. ಮೂಗಿನಲ್ಲಿ ಎರಡು ಬಗೆಯ ನರಗಳಿವೆ. ಒಂದು ಪರಿಮಳವನ್ನು ಗುರುತಿಸುತ್ತದೆ. ಇನ್ನೊಂದು ಟ್ರೈಜೆಮಿನಲ್ ನರದ ಕವಲು, ಘಾಟು, ಉರಿ, ತಂಪನ್ನು ಹಿಡಿಯುತ್ತದೆ. ಈರುಳ್ಳಿ ಹೆಚ್ಚುವಾಗ ಮೂಗು ಚುರ್ ಎನ್ನುವುದು ಈ ಎರಡನೆಯದರಿಂದ. ತಲೆಬುರುಡೆಯೊಳಗಿನ ಪೊರೆಯ ರಕ್ತನಾಳಗಳಿಂದ ನೋವಿನ ಸುದ್ದಿ ಒಯ್ಯುವುದೂ ಅದೇ ಟ್ರೈಜೆಮಿನಲ್ ನರ. ಮೈಗ್ರೇನ್ ಇರುವವರಲ್ಲಿ ಆ ದಾರಿ ಮೊದಲೇ ಸೂಕ್ಷ್ಮವಾಗಿರುತ್ತದೆ, ಮೂಗಿನಿಂದ ಹೋದ ಕಿಡಿ ಸಾಕಾಗಬಹುದು.

ಸ್ಪ್ರೇ ಏನು ಮಾಡುತ್ತದೆಂದರೆ, ಒಂದು ಕ್ಷಣದಲ್ಲಿ ನಿಮ್ಮ ಮುಖದ ಸುತ್ತ ಎಥೆನಾಲ್ ಮತ್ತು ಸುಗಂಧದ ಹನಿಮೋಡವನ್ನು ಎಬ್ಬಿಸುತ್ತದೆ. ನೀವು ಅದನ್ನು ಕತ್ತಿಗೇ ಹಾಕಿಕೊಳ್ಳುತ್ತಿದ್ದಿರಿ, ಅಂದರೆ ಮೂಗಿಗೆ ಒಂದು ಗೇಣು ದೂರದಲ್ಲಿ. ಎಥೆನಾಲಿನ ಆವಿಗೂ ಮೂಗಿನ ಘಾಟಿನ ನರವನ್ನು ಕೆಣಕುವ ಗುಣವಿದೆ, ಜೊತೆಗೆ ಬೇಗ ಹಾರುವ ಅಣುಗಳನ್ನು ಅದು ಒಟ್ಟಿಗೇ ಮೇಲೆತ್ತುತ್ತದೆ. ಅತ್ತರಿನಲ್ಲಿ ಈ ಸ್ಫೋಟವಿಲ್ಲ. ಭಾರವಾದ ಎಣ್ಣೆಯೊಳಗಿಂದ ಪರಿಮಳ ಸಣ್ಣಗೆ ಒಸರುತ್ತದೆ. ನಿಮ್ಮ ತಲೆನೋವು ಇಳಿದದ್ದು ನಿಜವಾದ ಲಾಭ, ಮನಸ್ಸಿನ ಭ್ರಮೆಯಲ್ಲ. ಆದರೆ ಇದನ್ನು ಎಲ್ಲ ಅತ್ತರಿಗೂ ಅನ್ವಯಿಸಬೇಡಿ. ಕೇದಗೆ, ಸುಗಂಧರಾಜ, ಮಲ್ಲಿಗೆಯಂಥ ಭಾರದ ಪರಿಮಳಗಳು, ಹಲವು ಗಿಡಮೂಲಿಕೆ ಮತ್ತು ಮಸಾಲೆ ಬೆರೆತ ಶಮಾಮಾ ಅತ್ತರು, ಇವು ಎಂಟು ಹತ್ತು ಗಂಟೆ ಬಿಡದೆ ಹಿಂಬಾಲಿಸುತ್ತವೆ. ಪರ್ಫ್ಯೂಮಾದರೆ ಕಿಟಕಿ ತೆರೆದು ಅರ್ಧ ಗಂಟೆ ಕಾದರೆ ಮೊದಲ ಅಬ್ಬರ ಇಳಿಯುತ್ತದೆ, ಅತ್ತರನ್ನು ನೀರಿನಲ್ಲಿ ತೊಳೆದರೂ ಪೂರ್ತಿ ಹೋಗುವುದಿಲ್ಲ.

ಮತ್ತೊಂದು ಸೂಕ್ಷ್ಮ ಇದೆ. ಮೈಗ್ರೇನ್ ಶುರುವಾಗುವ ಮೊದಲೇ, ನೋವಿಗೆ ಗಂಟೆಗಳ ಮುಂಚೆ, ಕೆಲವರಿಗೆ ವಾಸನೆಗಳು ಅಸಹ್ಯವಾಗತೊಡಗುತ್ತವೆ. ದಿನವೂ ಹಾಕುವ ಪರಿಮಳವೇ ಅಂದು ಹೊಟ್ಟೆ ತೊಳಸುತ್ತದೆ. ಆಗ ಪರ್ಫ್ಯೂಮಿನಿಂದ ತಲೆನೋವು ಬಂತು ಎಂದು ಅನ್ನಿಸುತ್ತದೆ, ವಾಸ್ತವದಲ್ಲಿ ತಲೆನೋವು ಬರುವುದಿತ್ತು, ಪರ್ಫ್ಯೂಮ್ ಅದನ್ನು ಹೇಳಿತು ಅಷ್ಟೆ. ಇವೆರಡನ್ನು ಬೇರ್ಪಡಿಸಲು ಒಂದು ತಿಂಗಳು ಮೂರೇ ಅಂಕಣದ ಟಿಪ್ಪಣಿ ಇಡಿ: ವಾಸನೆ ತಾಗಿದ ಹೊತ್ತು, ನೋವು ಶುರುವಾದ ಹೊತ್ತು, ಆ ದಿನ ನಿದ್ದೆ-ಊಟ-ಮುಟ್ಟು ಹೇಗಿತ್ತು. ಸುಗಂಧವೇ ಹಾಕದ ದಿನಗಳಲ್ಲೂ ನೋವು ಅದೇ ಲೆಕ್ಕದಲ್ಲಿ ಬಂದರೆ ಬಾಟಲಿ ನಿರಪರಾಧಿ. ತಿಂಗಳಿಗೆ ನಾಲ್ಕಕ್ಕಿಂತ ಹೆಚ್ಚು ದಿನ ನೋವಿದ್ದರೆ ವೈದ್ಯರನ್ನು ಕಾಣಿ, ಮೈಗ್ರೇನಿಗೆ ತಡೆಯುವ ಔಷಧಿಗಳಿವೆ. ಹಠಾತ್ತನೆ ಸಿಡಿಲಿನಂತೆ ಬಂದ ನೋವು, ಮಾತು ತೊದಲುವುದು, ಕೈಕಾಲು ಬಲ ಕಳೆದುಕೊಳ್ಳುವುದು ಇದ್ದರೆ ಟಿಪ್ಪಣಿ ಬರೆಯುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಇನ್ನು ಮಾಡಬೇಕಾದ್ದು. ಮೊದಲ ಆರು ವಾರ ಕತ್ತು ಮತ್ತು ತಲೆಗೆ ಯಾವ ಪರಿಮಳವೂ ಬೇಡ. ಅತ್ತರು, ಪರ್ಫ್ಯೂಮು ಮಾತ್ರವಲ್ಲ, ಪರಿಮಳದ ಕೂದಲೆಣ್ಣೆ, ಶಾಂಪೂ, ಮುಖದ ಕ್ರೀಮ್ ಕೂಡ. ಶಾಂಪೂ ತೊಳೆದುಹೋಗುತ್ತದೆ ಎಂದು ಬಿಡಬೇಡಿ, ಅದು ಇಳಿದು ಹೋಗುವ ದಾರಿಯೇ ಕಿವಿಯ ಹಿಂಭಾಗ. ಕೊಳ್ಳುವಾಗ "ವಾಸನೆ ಇಲ್ಲದ" ಎನ್ನುವುದಕ್ಕೂ "ಸುಗಂಧ ಸೇರಿಸದ" ಎನ್ನುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಕಚ್ಚಾವಸ್ತುವಿನ ನಾತವನ್ನು ಮರೆಮಾಚಲು ಸ್ವಲ್ಪ ಸುಗಂಧ ಹಾಕಿರಬಹುದು. ನಿಮಗೆ ಬೇಕಾದದ್ದು ಎರಡನೆಯದು.

ಆಮೇಲೆ ಪ್ಯಾಚ್ ಟೆಸ್ಟ್. ಇದು ರಕ್ತಪರೀಕ್ಷೆಯೂ ಅಲ್ಲ, ಸೂಜಿ ಚುಚ್ಚುವ ಪರೀಕ್ಷೆಯೂ ಅಲ್ಲ, ಅವೆರಡೂ ಈ ಬಗೆಯ ಅಲರ್ಜಿಯನ್ನು ಹಿಡಿಯುವುದಿಲ್ಲ. ಬೆನ್ನಿನ ಮೇಲ್ಭಾಗಕ್ಕೆ ಸಣ್ಣ ಬಿಲ್ಲೆಗಳಲ್ಲಿ ವಸ್ತುಗಳನ್ನು ಅಂಟಿಸಿ, 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ. ಮತ್ತೆ ನಾಲ್ಕನೆಯ ದಿನ ನೋಡುತ್ತಾರೆ, ಈ ಎರಡನೆಯ ಓದು ತಪ್ಪಿಸಬೇಡಿ, ಸುಗಂಧದ ಅಲರ್ಜಿ ಅನೇಕ ವೇಳೆ ಕಾಣುವುದೇ ಆಗ. ಅಷ್ಟು ದಿನ ಬೆನ್ನಿಗೆ ನೀರು, ಬೆವರು ತಾಗಬಾರದು. ಮುಂಚಿನ ಒಂದು ವಾರ ಬೆನ್ನಿಗೆ ಸ್ಟೆರಾಯ್ಡ್ ಕ್ರೀಮ್ ಹಚ್ಚಿರಬಾರದು, ಸ್ಟೆರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಎರಡು ಸುಗಂಧ ಮಿಶ್ರಣಗಳು ಮತ್ತು ಪೆರು ಬಾಲ್ಸಮ್ ಎಂಬ ಪರಿಮಳದ ಮರದ ಅಂಟು ಸಾಮಾನ್ಯ ಸರಣಿಗಳಲ್ಲೇ ಇರುತ್ತವೆ. ನಿಮ್ಮ ಎರಡೂ ಬಾಟಲಿಗಳನ್ನು ಒಯ್ಯಿರಿ. ಪರ್ಫ್ಯೂಮನ್ನು ಬಿಲ್ಲೆಯ ಮೇಲೆ ಒಣಗಲು ಬಿಟ್ಟು ಅಂಟಿಸುತ್ತಾರೆ. ಅತ್ತರನ್ನು ಇದ್ದ ಹಾಗೇ ಮುಚ್ಚಿ ಅಂಟಿಸಬಾರದು, ಚರ್ಮ ಸುಡಬಹುದು, ಹೊಸ ಅಲರ್ಜಿಯನ್ನೂ ಹುಟ್ಟಿಸಬಹುದು. ಸುಗಂಧ ಎಣ್ಣೆಗಳನ್ನು ಸಾಮಾನ್ಯವಾಗಿ ಪೆಟ್ರೋಲಿಯಂ ಜೆಲ್ಲಿಯಲ್ಲಿ ಶೇಕಡಾ 2ರಷ್ಟಕ್ಕೆ ತೆಳುಗೊಳಿಸಿ ನೋಡುತ್ತೇವೆ. ಇದನ್ನು ಮನೆಯಲ್ಲಿ ಬ್ಯಾಂಡೇಜ್ ಹಾಕಿ ಪ್ರಯತ್ನಿಸಬೇಡಿ.

ಫಲಿತಾಂಶ ಏನು ಬದಲಾಯಿಸುತ್ತದೆ ಎಂಬುದಕ್ಕೆ ನಾನು ನೋಡಿದ ಒಬ್ಬರ ಕಥೆ. ಅವರೂ ನಿಮ್ಮಂತೆಯೇ ಪರ್ಫ್ಯೂಮ್ ಬಿಟ್ಟು ಅತ್ತರು ಹಿಡಿದವರು, ಆದರೆ ಅದು ಶಮಾಮಾ. ಬೆನ್ನಿನ ಮೇಲೆ ಜೆರಾನಿಯಾಲ್ ಸುಮ್ಮನಿತ್ತು, ಕೆಂಪಾಗಿ ಉಬ್ಬಿದ್ದು ಓಕ್‌ಮಾಸ್, ಅಂದರೆ ಮರದ ಮೇಲೆ ಬೆಳೆಯುವ ಕಲ್ಲುಹೂವಿನ ಜಾತಿಯ ಸಾರ. ಹಳೆಯ ಕಾಲದ ಗಂಡಸರ ಪರ್ಫ್ಯೂಮುಗಳಲ್ಲಿ ಅದು ಸರ್ವೇಸಾಮಾನ್ಯ. ಶಮಾಮಾದಲ್ಲೂ ಕಲ್ಲುಹೂವು ಬೀಳುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲ, ಆ ದಿನದವರೆಗೆ ನನಗೂ ಗೊತ್ತಿರಲಿಲ್ಲ. ಆ ಅತ್ತರು ಬಿಟ್ಟು, ಮುಂಗೈ ಪರೀಕ್ಷೆ ಮಾಡಿಕೊಂಡ ಮೇಲೆ, ಶ್ರೀಗಂಧ ಆಧಾರದ ಲಾವಂಚದ ಅತ್ತರಿಗೆ ಬಂದರು. ಎರಡು ವರ್ಷ ಕಳೆದರೂ ತೊಂದರೆ ಇಲ್ಲ. ಅವರ ಉತ್ತರ ನಿಮಗೆ ಹೊಂದಬೇಕೆಂದಿಲ್ಲ. ನಿಮ್ಮಲ್ಲಿ ಜೆರಾನಿಯಾಲ್ ಅಥವಾ ಸಿಟ್ರೊನೆಲಾಲ್ ಎದ್ದರೆ ಗುಲಾಬಿಯ ಯಾವ ರೂಪವೂ ಚರ್ಮಕ್ಕೆ ಬೇಡ, ಗುಲಾಬಿ ಜಲವೂ ಸೇರಿ. ಹೆಚ್ಚಿನ ಪರ್ಫ್ಯೂಮುಗಳೂ ಬೇಡ. ಏನೂ ಏಳದಿದ್ದರೆ ಅಲರ್ಜಿ ಇಲ್ಲವೆಂದು ತೀರ್ಮಾನಿಸುವ ಮೊದಲು, ಲಿನಲೂಲ್ ಮತ್ತು ಲಿಮೊನೀನ್ ಎಂಬ ಸುಗಂಧದ ಅಣುಗಳ ಗಾಳಿಗೆ ಹಳಸಿದ ರೂಪಗಳನ್ನು ಪರೀಕ್ಷಿಸಿದ್ದಾರೆಯೇ ಎಂದು ಕೇಳಿ. ತಾಜಾ ಇರುವಾಗ ಇವು ಬಹುತೇಕ ನಿರುಪದ್ರವಿ, ಬಾಟಲಿ ತೆರೆದು ವರ್ಷಗಟ್ಟಲೆ ಇಟ್ಟಾಗ ಆಮ್ಲಜನಕದೊಂದಿಗೆ ಸೇರಿ ಬಲವಾದ ಅಲರ್ಜಿಕಾರಕಗಳಾಗುತ್ತವೆ. ಮೂರು ವರ್ಷ ಒಂದೇ ಬಾಟಲಿಯನ್ನೇ ಬಳಸಿದಿರೋ, ಹೊಸದು ಕೊಳ್ಳುತ್ತಿದ್ದಿರೋ ನೀವು ಬರೆದಿಲ್ಲ. ಒಂದೇ ಆಗಿದ್ದರೆ ಈ ಅನುಮಾನ ಮೇಲಕ್ಕೆ ಬರುತ್ತದೆ.

ಮುಂಗೈ ಪರೀಕ್ಷೆ ಎಂದೆನಲ್ಲ, ಅದನ್ನು ನೀವೇ ಮಾಡಬಹುದು, ಆದರೆ ಚರ್ಮ ಪೂರ್ತಿ ವಾಸಿಯಾದ ಮೇಲೆ ಮತ್ತು ಪ್ಯಾಚ್ ಟೆಸ್ಟಿನಲ್ಲಿ ಎದ್ದ ವಸ್ತು ಇಲ್ಲದ ಬಾಟಲಿಯನ್ನು ಮಾತ್ರ. ಮೊಣಕೈ ಮಡಿಕೆಯ ಹತ್ತಿರ, ಮುಂಗೈಯ ಒಳಬದಿಯಲ್ಲಿ ಎರಡು ಬೆರಳಗಲ ಜಾಗಕ್ಕೆ ಬೆಳಿಗ್ಗೆ-ಸಂಜೆ ತೆಳ್ಳಗೆ ಹಚ್ಚಿ, ಮುಚ್ಚಬೇಡಿ. ತುರಿಕೆ ಅಥವಾ ಸಣ್ಣ ಗುಳ್ಳೆ ಎದ್ದ ದಿನವೇ ನಿಲ್ಲಿಸಿ. ಒಂದು ವಾರಕ್ಕೆ ಏನೂ ಆಗದಿದ್ದರೆ ಎರಡನೆಯ ವಾರವೂ ಮುಂದುವರಿಸಿ, ದುರ್ಬಲ ಅಲರ್ಜಿಗಳು ತಡವಾಗಿ ಏಳುತ್ತವೆ. ಅಂಗಡಿಯಲ್ಲಿ ಮಣಿಕಟ್ಟಿಗೆ ಒಂದು ಹನಿ ಹಚ್ಚಿ "ಏನೂ ಆಗಲಿಲ್ಲ" ಎಂದು ಕೊಂಡು ತರುವುದು ಪರೀಕ್ಷೆಯೇ ಅಲ್ಲ.

ಪರಿಮಳವಿಲ್ಲದೆ ಇರಲಾರೆ ಎನ್ನುವುದಾದರೆ, ಅದು ತಪ್ಪೇನಲ್ಲ, ಚರ್ಮ ಬಿಟ್ಟು ಬಟ್ಟೆಗೆ ಹೋಗಿ. ಇಲ್ಲಿ ಆಲ್ಕೋಹಾಲ್ ಪರ್ಫ್ಯೂಮೇ ಮೇಲು: ತೊಡುವ ಕಾಲು ಗಂಟೆ ಮೊದಲು, ಹ್ಯಾಂಗರಿನಲ್ಲಿರುವ ಬಟ್ಟೆಯ ಕೆಳ ಅಂಚಿಗೆ, ಬೇರೆ ಕೋಣೆಯಲ್ಲಿ, ಒಂದೇ ಸ್ಪ್ರೇ. ಎಥೆನಾಲ್ ಹಾರಿಹೋಗಿರುತ್ತದೆ, ಹನಿಮೋಡ ನಿಮ್ಮ ಮೂಗಿಗೆ ಸಿಗುವುದಿಲ್ಲ, ಮೂಲ ಮೂಗಿನಿಂದ ದೂರ. ಅತ್ತರು ಬಟ್ಟೆಗೆ ಎಣ್ಣೆಕಲೆ ಬಿಡುತ್ತದೆ, ರೇಷ್ಮೆಯಿಂದ ಅದನ್ನು ತೆಗೆಯುವುದು ಕಷ್ಟ. ಹತ್ತಿಯ ಸಣ್ಣ ಉಂಡೆಗೆ ತಾಗಿಸಿ ಚೀಲದಲ್ಲಿಡಬಹುದು. ಕತ್ತಿನ ಪಟ್ಟಿ, ದುಪಟ್ಟಾ, ಕರವಸ್ತ್ರ ಬೇಡ, ಅವು ಮತ್ತೆ ಚರ್ಮಕ್ಕೂ ಮೂಗಿಗೂ ಬರುತ್ತವೆ. ಅಲರ್ಜಿ ತೀವ್ರವಾಗಿದ್ದರೆ ಬಟ್ಟೆಯ ಮೂಲಕವೂ ತಾಗುತ್ತದೆ, ಆಗ ಇದನ್ನೂ ಬಿಡಬೇಕಾಗುತ್ತದೆ.

ನಿಮ್ಮ ಕೊನೆಯ ಪ್ರಶ್ನೆಗೆ, ವಾಪಸ್ ಪರ್ಫ್ಯೂಮಿಗೆ ಹೋಗಲೇ ಎಂಬುದಕ್ಕೆ: ಕತ್ತಿಗೆ ಬೇಡ, ಪ್ಯಾಚ್ ಟೆಸ್ಟ್ ಆಗುವವರೆಗೆ ಬಟ್ಟೆಗೂ ಬೇಡ. ಚರ್ಮರೋಗ ತಜ್ಞರನ್ನು ಕಾಣುವ ಮುನ್ನ ಇವತ್ತೇ, ಬೆಳಕಿರುವ ಕಡೆ ನಿಂತು, ಎರಡೂ ಕಿವಿಗಳ ಹಿಂಭಾಗದ ಫೋಟೊ ತೆಗೆಸಿಡಿ. ಕಲೆಯ ಅಂಚು ಎಲ್ಲಿದೆ ಎಂದು ಆರು ವಾರದ ನಂತರ ಹೋಲಿಸಲು ಬೇರೆ ದಾರಿಯಿಲ್ಲ, ಕನ್ನಡಿಯಲ್ಲಿ ನೀವದನ್ನು ನೋಡಲಾರಿರಿ.